‘ನೋಡೋಣ’ ಅಂದದ್ದು ನಿರ್ಣಯವಲ್ಲ: ಆಡುಮಾತಿನ ಸಭೆಗೆ ನಡಾವಳಿ ಬರೆಯುವುದು ಹೇಗೆ?

ಕೊಡಗಿನ ಊರುಗಳಲ್ಲಿ ಸಭೆ ಎಂದರೆ ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಬಂದು ಹೋಗುತ್ತವೆ, ನಡುವೆ ಎಲ್ಲರಿಗೂ ಸಲ್ಲುವ ಕನ್ನಡ ಇರುತ್ತದೆ. ಕಾಫಿ ಕುಡಿದು ಏಳುವ ಹೊತ್ತಿಗೆ ಏನು ತೀರ್ಮಾನ ಆಯಿತೆಂದು ಕೂತವರಿಗೆಲ್ಲ ಗೊತ್ತಿರುತ್ತದೆ. ಆದರೆ ಅದೇ ತೀರ್ಮಾನ ನಡಾವಳಿ ಪುಸ್ತಕಕ್ಕೆ ಇಳಿಯುವಾಗ ಎಷ್ಟೋ ಸಲ ಬೇರೆಯೇ ಆಗುತ್ತದೆ. ಬರೆಯುವವರು ಮೋಸ ಮಾಡುತ್ತಾರೆ ಅಂತಲ್ಲ. ಭಾಷೆ ಚೆನ್ನಾಗಿರಲಿ ಎಂದು ಹೊರಟು, ಮಾತಿನ ಅರ್ಥವನ್ನೇ ಬದಲಿಸಿಬಿಡುತ್ತಾರೆ.

ಮೊದಲ ಕೆಲಸ ಸುಲಭ. ದಿನಾಂಕ, ಜಾಗ, ಸಮಯ, ಅಧ್ಯಕ್ಷತೆ ಯಾರದು, ಹಾಜರಿದ್ದವರ ಸಹಿ, ಕೋರಂ ಇತ್ತೋ ಇಲ್ಲವೋ, ಹಿಂದಿನ ನಡಾವಳಿ ಓದಿದ್ದು. ಇಷ್ಟನ್ನು ಸಭೆ ಶುರುವಾಗುವಾಗಲೇ ಬರೆದು ಮುಗಿಸಿ. ಪುಟಕ್ಕೆ ನಂಬರು ಹಾಕಿದ, ಹೊಲಿದ ಪುಸ್ತಕವೇ ಬೇಕು. ಬಿಡಿ ಹಾಳೆ ಬೇಡ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಮೊದಲೇ ಅಚ್ಚು ಹಾಕಿದ ಪುಸ್ತಕಗಳೂ ಸಿಗುತ್ತವೆ. ಅವನ್ನು ಕೊಳ್ಳಲೇಬೇಡಿ. ಸಭೆ ಹೇಳದ ಮಾತನ್ನು ಅಚ್ಚಿನವರು ಹೇಳಿಬಿಟ್ಟಿರುತ್ತಾರೆ.

ಎರಡನೆಯದು, ಸಭೆಯಲ್ಲಿ ಕೂತು ಗುರುತು ಹಾಕಿಕೊಳ್ಳುವುದು. ಇಲ್ಲಿ ಚಂದದ ಕನ್ನಡ ಬೇಡ. ತೀರ್ಮಾನದ ಮಾತು ಬಂದಾಗ ಹೇಳಿದ ಹಾಗೇ, ಆಡುಮಾತಿನಲ್ಲೇ ಬರೆದುಕೊಳ್ಳಿ. ಅದರಲ್ಲೂ ವಾಕ್ಯದ ಕೊನೆಯ ಶಬ್ದ ಬಿಡಬೇಡಿ. ‘ಮಾಡೋಣ’ ಅಂದರೋ, ‘ಮಾಡ್ಬೋದು’ ಅಂದರೋ, ‘ಮಾಡ್ಲೇಬೇಕು’ ಅಂದರೋ, ಇಡೀ ತೀರ್ಮಾನ ಅಲ್ಲೇ ಇರುತ್ತದೆ.

ಮೂರನೆಯದೇ ಕಷ್ಟದ್ದು. ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ವಿರಾಜಪೇಟೆ ಕಡೆಯ ಒಂದು ಬೆಳೆಗಾರರ ಕೂಟ. ಆನೆ ಬರದ ಹಾಗೆ ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ ಹೋಗಿದೆ. 17 ಜನ ಸೇರಿದ್ದಾರೆ. ಮಾತು ಹೀಗೆ ಸಾಗಿತು:

“ಹೊಸ ಬ್ಯಾಟರಿ ಹಾಕ್ಲೇಬೇಕು. ಎಕ್ರೆಗೆ ಇನ್ನೂರು ಹಾಕೋಣ.”
“ಗದ್ದೆಗೂ ಹಾಕೋದಾ? ನನ್ನ ಗದ್ದೆ ಪಾಳು ಬಿದ್ದಿದೆ.”
ಅಧ್ಯಕ್ಷರು: “ಗದ್ದೆ ಬೇಡ ಬಿಡಿ, ತೋಟಕ್ಕೆ ಮಾತ್ರ. ಹುತ್ತರಿ ಮುಂಚೆ ಕೊಟ್ಬಿಡಿ. ಕಷ್ಟ ಇದ್ದವ್ರು ಎರಡು ಸಲ ಕೊಡ್ಬೋದು.”
“ನಂಗೆ ಒಪ್ಪಿಗೆ ಇಲ್ಲ. ಆದ್ರೂ ಕೊಡ್ತೇನೆ.”
“ಬೇಲಿ ಕೆಳಗಿನ ಕಾಡು?”
“ಅದು ನಾವು ಕಡೀತೇವೆ.”
“ರಾತ್ರಿ ಕಾವಲಿಗೆ ಒಬ್ಬನ್ನ ಇಟ್ರೆ?”
“ನೋಡೋಣ.”

ಇದನ್ನು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಸೌರ ಬೇಲಿಯ ನಿರ್ವಹಣೆಗಾಗಿ ಪ್ರತಿ ಎಕರೆಗೆ ರೂ. 200ರಂತೆ ಹುತ್ತರಿಯೊಳಗೆ ಎರಡು ಕಂತುಗಳಲ್ಲಿ ಪಾವತಿಸತಕ್ಕದ್ದೆಂದೂ, ಬೇಲಿಯ ಕೆಳಗಿನ ಕಾಡು ಕಡಿಸುವುದೆಂದೂ, ಕಾವಲುಗಾರರನ್ನು ನೇಮಿಸುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಓದಲು ಗಂಭೀರವಾಗಿದೆ, ಅಲ್ವಾ? ಆದರೆ ತಪ್ಪು ಒಂದೆರಡಲ್ಲ. ಹಣ ಕೇಳಿದ್ದು ಬ್ಯಾಟರಿಗೆ. ‘ನಿರ್ವಹಣೆ’ ಎಂದು ಬರೆದರೆ ಅದೇ ದುಡ್ಡನ್ನು ನಾಳೆ ತಂತಿಗೂ ಕಂಬಕ್ಕೂ ಖರ್ಚು ಮಾಡಬಹುದು. ಗದ್ದೆ ಬಿಟ್ಟದ್ದು ಎಲ್ಲೂ ಇಲ್ಲ. ಒಂದು ಸಲ ನಾನೇ ಹೀಗೆ ‘ತೋಟಕ್ಕೆ ಮಾತ್ರ’ ಎನ್ನುವ ಎರಡು ಶಬ್ದ ಬಿಟ್ಟಿದ್ದೆ. ಮರುವರ್ಷ ಹೊಸ ಖಜಾಂಚಿ ಪುಸ್ತಕ ನೋಡಿ ಗದ್ದೆಗೂ ಲೆಕ್ಕ ಹಾಕಿದರು. ಅವರು ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ದರು. ಜಗಳ ಬಿಡಿಸಲು ಮತ್ತೊಂದು ಸಭೆ ಕರೆಯಬೇಕಾಯಿತು.

‘ಕೊಡ್ಬೋದು’ ಅಂದರೆ ಅವಕಾಶ. ‘ಪಾವತಿಸತಕ್ಕದ್ದು’ ಅಂದರೆ ಕಡ್ಡಾಯ. ಒಂದೇ ಸಲ ಕೊಡಲು ತಯಾರಿದ್ದವರಿಗೂ ಈಗ ಎರಡು ಕಂತು ಕಡ್ಡಾಯವಾಯಿತು. ‘-ತಕ್ಕದ್ದು’ ಬರೆಯುವ ಮುಂಚೆ ಸಭೆಯಲ್ಲಿ ‘-ಲೇಬೇಕು’ ಬಂದಿತ್ತಾ ಎಂದು ನಿಮ್ಮ ಗುರುತು ನೋಡಿಕೊಳ್ಳಿ. ‘ಮಾಡೋಣ’ ಇನ್ನೂ ನಾಜೂಕು. ಅದು ಒಬ್ಬರ ಸಲಹೆಯೂ ಆಗಬಹುದು, ಎಲ್ಲರ ತೀರ್ಮಾನವೂ ಆಗಬಹುದು. ಅದರ ನಂತರ ಅಧ್ಯಕ್ಷರು ಏನಂದರು ನೋಡಿ. ಇಲ್ಲಿ ಅವರು ‘ತೋಟಕ್ಕೆ ಮಾತ್ರ, ಕೊಟ್ಬಿಡಿ’ ಎಂದದ್ದರಿಂದ ಇನ್ನೂರರ ಮಾತು ತೀರ್ಮಾನವಾಯಿತು.

‘ನೋಡೋಣ’ ಮಾತ್ರ ಎಂದೂ ತೀರ್ಮಾನವಲ್ಲ. ಅದನ್ನು ‘ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದೂ ಬರೆಯಬೇಡಿ. ಮುಂದಿನ ಸಭೆಯ ಮಾತನ್ನು ಯಾರೂ ಎತ್ತಲಿಲ್ಲ. ‘ಚರ್ಚೆಯಾಯಿತು, ತೀರ್ಮಾನ ಆಗಲಿಲ್ಲ’ ಅಷ್ಟೇ ಸಾಕು.

ಇನ್ನು ‘ನಾವು ಕಡೀತೇವೆ’. ಯಾರು ಈ ನಾವು? ಕೊಡವ ತಕ್ಕ್‌ನಲ್ಲಿ ಕೇಳುವವರನ್ನು ಬಿಟ್ಟು ಹೇಳಲು ‘ಎಂಗ’, ಅವರನ್ನೂ ಸೇರಿಸಿ ಹೇಳಲು ‘ನಂಗ’ ಎಂದು ಎರಡು ಶಬ್ದ ಇವೆ. ತುಳುವಿನಲ್ಲೂ ‘ಎಂಕುಲು’, ‘ನಮ’ ಎಂದು ಬೇರೆ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹಾಗಾಗಿ ಈ ಶಬ್ದ ಬಂದ ಕೂಡಲೇ ಕೈ ಎತ್ತಿ ಕೇಳಿ: “ನಾವು ಅಂದ್ರೆ ಯಾರು?” ಇಲ್ಲಿ ಕೇಳಿದಾಗ ತಿಳಿದದ್ದು, ಬೇಲಿಗೆ ತಾಗಿಕೊಂಡು ತೋಟ ಇರುವ ಮೂರು ಮನೆಯವರು. ‘ಕಡಿಸುವುದೆಂದು ತೀರ್ಮಾನಿಸಲಾಯಿತು’ ಎಂದು ಬರೆದರೆ ಆ ಮೂರು ಮನೆ ಮಾಯವಾಗುತ್ತದೆ. ಗಿಡ ಬಳ್ಳಿ ತಂತಿಗೆ ತಾಗಿದರೆ ಕರೆಂಟು ಅದರ ಮೂಲಕ ನೆಲಕ್ಕೆ ಇಳಿದು ಬೇಲಿಯ ಶಾಕ್ ಕಡಿಮೆಯಾಗುತ್ತದೆ. ಕಡಿಯುವವರ ಹೆಸರಿಲ್ಲದೆ ಆ ಕೆಲಸ ನಿಂತರೆ ಹೊಸ ಬ್ಯಾಟರಿ ಹಾಕಿಯೂ ಉಪಯೋಗವಿಲ್ಲ.

ದಿನಾಂಕದಲ್ಲೂ ಎಚ್ಚರ ಬೇಕು. ‘ನಾಡಿದ್ದು’, ‘ಬರೋ ಭಾನುವಾರ’ ಎಂದರೆ ಕ್ಯಾಲೆಂಡರ್ ನೋಡಿ ತಾರೀಖು ಹಾಕಿ. ಆದರೆ ‘ಹುತ್ತರಿ ಮುಂಚೆ’ ಎನ್ನುವುದನ್ನು ಹಾಗೇ ಬಿಡಿ. ಹುತ್ತರಿಯ ದಿನ ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿಯಾಗಬೇಕು. ಅದಕ್ಕೂ ಮೊದಲೇ ಅಂದಾಜಿನಲ್ಲಿ ಒಂದು ತಾರೀಖು ಬರೆದರೆ ಅದು ನಿಮ್ಮ ತೀರ್ಮಾನ, ಸಭೆಯದ್ದಲ್ಲ.

ಇಷ್ಟು ನೋಡಿಕೊಂಡ ಮೇಲೆ ಬರೆಯಬೇಕಾದ್ದು ಹೀಗೆ. ಒಂದು ತೀರ್ಮಾನಕ್ಕೆ ಒಂದು ನಂಬರು:

‘1. ಸೋಲಾರ್ ಬೇಲಿಗೆ ಹೊಸ ಬ್ಯಾಟರಿ ಹಾಕಿಸಲು, ಗದ್ದೆ ಬಿಟ್ಟು ತೋಟಕ್ಕೆ ಮಾತ್ರ, ಎಕರೆಗೆ ರೂ. 200ರಂತೆ ಹುತ್ತರಿಗೆ ಮೊದಲು ಸಂಗ್ರಹಿಸಲು ತೀರ್ಮಾನಿಸಲಾಯಿತು. ಕಷ್ಟವಿರುವವರು ಎರಡು ಕಂತಿನಲ್ಲಿ ಕೊಡಬಹುದು. ಒಬ್ಬ ಸದಸ್ಯರು ಒಪ್ಪಿಗೆ ಇಲ್ಲವೆಂದು ತಿಳಿಸಿ, ಹಣ ಕೊಡುವುದಾಗಿ ಹೇಳಿದರು. ಉಳಿದವರು ಆಕ್ಷೇಪಿಸಲಿಲ್ಲ.
2. ಬೇಲಿಯ ಕೆಳಗಿನ ಕಾಡು ಕಡಿಯುವುದನ್ನು ಬೇಲಿಗೆ ತಾಗಿದ ಮೂರು ತೋಟದವರು ಒಪ್ಪಿಕೊಂಡರು.
3. ರಾತ್ರಿ ಕಾವಲಿನ ಬಗ್ಗೆ ಚರ್ಚೆಯಾಯಿತು, ತೀರ್ಮಾನ ಆಗಲಿಲ್ಲ.’

ಎರಡನೆಯದರಲ್ಲಿ ಆ ಮೂವರ ಹೆಸರನ್ನೂ ಬರೆಯಿರಿ. ‘ಸರ್ವಾನುಮತ’ ಎಲ್ಲೂ ಬೇಡ. ಕೈ ಎತ್ತಿಸಿ ಎಣಿಸಿದ್ದರೆ ಸಂಖ್ಯೆ ಬರೆಯಿರಿ. ಎಣಿಸದಿದ್ದರೆ ‘ಆಕ್ಷೇಪಿಸಲಿಲ್ಲ’ ಎನ್ನುವುದೇ ನಿಜ. ‘ಕಾಡು ಕಡಿಯುವುದು’ ಎನ್ನುವುದನ್ನು ‘ಸಸ್ಯವರ್ಗ ನಿರ್ಮೂಲನೆ’ ಎಂದೆಲ್ಲ ಮಾಡಲು ಹೋಗಬೇಡಿ. ಸಹಿ ಹಾಕುವವರಿಗೆ ಅರ್ಥವಾಗದ ಶಬ್ದ ನಡಾವಳಿಯಲ್ಲಿ ಇರಬಾರದು.

ಕೊನೆಗೆ, ಯಾರೂ ಏಳುವ ಮುಂಚೆ ಓದಿ ಹೇಳಿ. ಬರೆದದ್ದನ್ನು ಒಂದು ಸಲ ಓದಿ, ಮತ್ತೆ ಅದನ್ನೇ ಆಡುಮಾತಿನಲ್ಲಿ ಹೇಳಿ: “ಎಕ್ರೆಗೆ ಇನ್ನೂರು, ಗದ್ದೆ ಇಲ್ಲ, ಸರಿಯಾ?” ತಪ್ಪಿದ್ದರೆ ಯಾರಾದರೂ ಅಲ್ಲೇ ಹೇಳುತ್ತಾರೆ. ತಿದ್ದುವಾಗ ವೈಟ್ನರ್ ಬಳಿಯಬೇಡಿ. ಹಳೆಯದು ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಅಧ್ಯಕ್ಷರ ಚಿಕ್ಕ ಸಹಿ ಹಾಕಿಸಿ. ಕೊನೆಯ ಸಾಲಿಗೂ ಅಧ್ಯಕ್ಷರ ಸಹಿಗೂ ನಡುವೆ ಖಾಲಿ ಜಾಗ ಉಳಿದರೆ ಅಡ್ಡ ಗೆರೆ ಹೊಡೆದುಬಿಡಿ.