ಸೈಲೇಜ್ ತಗ್ಗು: ಅಗಲ ಕಡಿಮೆ ಮಾಡಿದ ಮೇಲೆ ಬೂಸ್ಟು ನಿಂತಿತು

ಹಾವೇರಿ ಕಡೆ ಗೋವಿನಜೋಳದ ಹಸಿ ಮೇವನ್ನು ತಗ್ಗಿನಲ್ಲಿ ತುಳಿದು ಗಾಳಿಯಾಡದಂತೆ ಮುಚ್ಚಿ ಸೈಲೇಜ್ ಮಾಡುತ್ತೇವೆ, 6 ಆಕಳು. ಒಂದಕ್ಕೆ ದಿನಕ್ಕೆ 15 ಕಿಲೋದಂತೆ 120 ದಿನಕ್ಕೆ 10,800 ಕಿಲೋ ಬೇಕು. ತುಂಬಿದ್ದರಲ್ಲಿ ನೂರಕ್ಕೆ 15ರಷ್ಟು ಹಾಳಾಗುತ್ತದೆಂದು ಹಿಡಿದು 0.85ರಿಂದ ಭಾಗಿಸಿದರೆ ಸುಮಾರು 12,700 ಕಿಲೋ. ಚೆನ್ನಾಗಿ ತುಳಿದರೆ ಒಂದು ಘನ ಮೀಟರಿಗೆ 500 ಕಿಲೋ ಹಿಡಿಯುತ್ತದೆ, ಅಂದರೆ 25.4 ಘನ ಮೀಟರ್.

ಮೊದಲ ತಗ್ಗಿನಲ್ಲೂ ಈ ಲೆಕ್ಕ ಸರಿಯೇ ಇತ್ತು, ಆಕಾರ ತಪ್ಪಿತ್ತು. 3 ಮೀಟರ್ ಅಗಲ, 1.5 ಆಳ, 5.6 ಉದ್ದ. ಅಗಲ ಹೆಚ್ಚಾದ್ದರಿಂದ ದಿನದ ಮೇವಿಗೆ ಉದ್ದದಲ್ಲಿ ಐದು ಸೆಂಟಿಮೀಟರೂ ಕೊರೆಯಲಾಗದೆ, ಗಾಳಿ ತಾಗಿದ ಕೊರೆದ ಮುಖ ಕೈಗೆ ಬಿಸಿ ಹತ್ತಿ ಬೂಸ್ಟು ಹಿಡಿಯಿತು. ಈ ಸಲ ಅಗಲ 1.2, ಆಳ 1.5, ಉದ್ದ 14 ಮೀಟರ್. ದಿನಕ್ಕೆ ಸುಮಾರು 12 ಸೆಂಟಿಮೀಟರ್ ಮೇಲಿಂದ ಕೆಳಗೆ ನೇರವಾಗಿ ಕೊರೆಯುತ್ತೇವೆ, ಮುಖ ತಣ್ಣಗಿದೆ.