ಒಂದು ಗಂಟೆ ಬಿಡಿಸಿಕೊಳ್ಳಲು ಎಷ್ಟು ಖರ್ಚು? ಪೀಣ್ಯದ ಒಂದು ಮಷೀನ್ ಶಾಪಿನ ಲೆಕ್ಕ

ಪೀಣ್ಯ ಎರಡನೇ ಹಂತದ ಒಂದು ಚಿಕ್ಕ ಮಷೀನ್ ಶಾಪಿನಲ್ಲಿ ನಾನು 11 ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಕಂಪ್ಯೂಟರ್ ಪ್ರೋಗ್ರಾಮಿನಿಂದ ಲೋಹ ಕಡೆಯುವ ಮೂರು ಸಿಎನ್‌ಸಿ ಲೇತ್, ಹಾಗೇ ಪ್ರೋಗ್ರಾಮಿನಿಂದ ಕೊರೆಯುವ, ಮಿಲ್ಲಿಂಗ್ ಮಾಡುವ ಒಂದು ವಿಎಂಸಿ. ಯಾವ ಕೆಲಸ ನಾವೇ ಮಾಡಬೇಕು, ಯಾವುದನ್ನು ಹೊರಗೆ ಕೊಡಬೇಕು ಅನ್ನುವ ಪ್ರಶ್ನೆ ನಮ್ಮಲ್ಲಿ ಪ್ರತಿ ತಿಂಗಳೂ ಬರುತ್ತದೆ. ಇದನ್ನು ನಾನು ಸರಿಯಾಗಿ ಕಲಿತದ್ದು ಒಂದು ತಪ್ಪಿನಿಂದ. ಇಲ್ಲಿನ ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಹೋದ ವರ್ಷ ಒಂದು ತಿಂಗಳು ಕೆಲಸ ಕಡಿಮೆ ಇತ್ತು. ನನ್ನ ಕಾಸ್ಟಿಂಗ್ ಶೀಟಿನಲ್ಲಿ ಪಂಪ್ ಫ್ಲ್ಯಾಂಜ್ ಒಂದಕ್ಕೆ 330 ರೂಪಾಯಿ ಬೀಳುತ್ತಿತ್ತು. ಅಂದ್ರಹಳ್ಳಿಯ ಒಂದು ಶಾಪಿನವರು ಜಾಬ್ ವರ್ಕ್, ಅಂದರೆ ನಮ್ಮ ಮಾಲಿಗೆ ಕೂಲಿ ಲೆಕ್ಕದಲ್ಲಿ ಮಷೀನಿಂಗ್, ಮಾಡಿಕೊಡಲು ಮುಂದೆ ಬಂದರು. ಎಲ್ಲಾ ಸೇರಿಸಿದರೂ 285 ಆಗುತ್ತಿತ್ತು. ಒಂದಕ್ಕೆ 45 ರೂಪಾಯಿ ಉಳಿತಾಯ ಅಂತ ನಾನೇ ಓನರ್‌ಗೆ ಹೇಳಿದೆ. 1000 ಫ್ಲ್ಯಾಂಜ್ ಪೂರ್ತಿ ಹೊರಗೆ ಹೋಯಿತು. ತಿಂಗಳ ಕೊನೆಗೆ ನೋಡಿದರೆ 45,000 ಉಳಿಯುವ ಬದಲು ಅಷ್ಟೇ ದುಡ್ಡು ಜಾಸ್ತಿ ಖರ್ಚಾಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಎಲ್ಲಿತ್ತು? ಆ 330ರಲ್ಲಿ 90 ರೂಪಾಯಿ ಮಷೀನ್ ಅವರ್ ರೇಟ್. ಬಾಡಿಗೆ, ವಿಎಂಸಿಯ ಇಎಂಐ, ಆಪರೇಟರ್ ಮತ್ತು ಸೂಪರ್‌ವೈಸರ್ ಸಂಬಳ ಎಲ್ಲಾ ಸೇರಿಸಿ, ಗಂಟೆಗೆ 600 ಅಂತ ನಾನು ಹಂಚಿದ್ದೆ. ಫ್ಲ್ಯಾಂಜಿಗೆ 9 ನಿಮಿಷ, ಹಾಗಾಗಿ 90. ಕೆಲಸ ಹೊರಗೆ ಕೊಟ್ಟೆವು ಅಂತ ಬ್ಯಾಂಕಿನವರು ಇಎಂಐ ಕಮ್ಮಿ ಮಾಡುತ್ತಾರಾ? ಆಪರೇಟರ್ ಮಷೀನ್ ಮುಂದೆ ಸುಮ್ನೆ ನಿಂತಿದ್ದ, ಸಂಬಳ ಪೂರ್ತಿ ಹೋಯಿತು.

ಆಮೇಲೆ ನಾನು ಶೀಟ್ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿಕೊಂಡೆ: ಹೊರಗೆ ಕೊಟ್ಟರೆ ಯಾವ ಬಿಲ್ಲು ನಿಜವಾಗಿ ಬದಲಾಗುತ್ತದೆ? ಕ್ಯಾಸ್ಟಿಂಗ್, ಅಂದರೆ ಎರಕ ಹೊಯ್ದ ಕಚ್ಚಾ ಪೀಸ್, 200 ರೂಪಾಯಿ, ಅದು ನಾವೇ ಕೊಂಡು ಕಳಿಸುವುದು, ಎರಡು ಕಡೆಯೂ ಒಂದೇ. ಪ್ಯಾಕಿಂಗ್ ಮಾಡಿ ಕಸ್ಟಮರ್‌ಗೆ ಮುಟ್ಟಿಸುವ 6 ರೂಪಾಯಿಯೂ ಹಾಗೇ. ನಮಗೆ ತಪ್ಪುವ ಖರ್ಚು ಅಂದರೆ ಇನ್ಸರ್ಟ್, ಟೂಲ್, ಕೂಲೆಂಟ್ ಸೇರಿ 22, ಕರೆಂಟು 12. ಕರೆಂಟು ಬಿಲ್ಲಿನಲ್ಲೂ ಯೂನಿಟ್ ಲೆಕ್ಕದ ಭಾಗ ಮಾತ್ರ, ಫಿಕ್ಸೆಡ್ ಚಾರ್ಜ್ ಹೇಗೂ ಕಟ್ಟಲೇಬೇಕು. ಒಟ್ಟು 34. ಹೊಸದಾಗಿ ಬರುವ ಖರ್ಚು: ಜಾಬ್ ವರ್ಕ್ 68, ಟೆಂಪೋ 6, ವಾಪಸ್ ಬಾರದ ಸ್ಕ್ರ್ಯಾಪ್ 3, ಅವರ ಕೈಯಲ್ಲಿ ಹಾಳಾಗುವ ಕ್ಯಾಸ್ಟಿಂಗಿಗೆ 2. ಒಟ್ಟು 79. 34 ಉಳಿಸಲು 79 ಕೊಟ್ಟಿದ್ದೆವು. ಜಿಎಸ್‌ಟಿ ಇದರಲ್ಲಿ ಸೇರಿಸಲಿಲ್ಲ, ಅದರ ಕ್ರೆಡಿಟ್ ನಮಗೆ ಸಿಗುತ್ತದೆ.

ಇದು ಕೆಲಸ ಕಡಿಮೆ ಇದ್ದ ತಿಂಗಳ ಮಾತು. ಈ ವರ್ಷ ಬೇರೆ ಕಷ್ಟ ಬಂತು. ಆರ್ಡರ್ ಜಾಸ್ತಿ, ಮಷೀನ್ ಸಾಲದು. ಲೇತ್‌ಗಳಿಗೆ ಬಿಡುವಿತ್ತು, ಆದರೆ ವಿಎಂಸಿ ಮುಂದೆ ಕ್ಯಾಸ್ಟಿಂಗ್ ಟ್ರೇಗಳು ಸಾಲಾಗಿ ಬಾಗಿಲ ತನಕ ಬಂದಿದ್ದವು. ಬಿಗಿ ಇರುವ ಜಾಗ ಯಾವುದು ಅಂತ ತಿಳಿಯಲು ಬೇರೆ ಗುರುತು ಬೇಡ, ಮಾಲು ಎಲ್ಲಿ ಕಾಯುತ್ತಿದೆ ಅಂತ ನೋಡಿದರೆ ಸಾಕು. ಆದರೆ ಎಷ್ಟು ಬಿಗಿ ಅಂತ ತಿಳಿಯಲು ಟೈಮು ಅಳೆಯಬೇಕು. ಫ್ಲ್ಯಾಂಜಿಗೆ ಸ್ಕ್ರೀನಿನಲ್ಲಿ 7 ನಿಮಿಷ 20 ಸೆಕೆಂಡ್ ಅಂತ ಬರುತ್ತಿತ್ತು. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಸೂಪರ್‌ವೈಸರ್ ಪಕ್ಕದಲ್ಲಿ ಅರ್ಧ ದಿನ ನಿಂತೆ. ಬಾಗಿಲು ತೆಗೆದು, ಏರ್ ಗನ್ನಿನಿಂದ ಚಿಪ್ಸ್ ಊದಿ, ಪೀಸ್ ತೆಗೆದು, ಹೊಸದನ್ನು ಕೂರಿಸಿ ಬಿಗಿಮಾಡುವಷ್ಟರಲ್ಲಿ ಇನ್ನೂ 1 ನಿಮಿಷ 40 ಸೆಕೆಂಡ್. "ಮೇಡಂ, ಆ ಹೊತ್ತೂ ಮಷೀನ್ ನಿಂತೇ ಇರುತ್ತಲ್ವಾ" ಅಂದರು ಅವರು. ಹೌದು, ಲೆಕ್ಕಕ್ಕೆ ಬೇಕಾದದ್ದು ಆ ಪೂರ್ತಿ 9 ನಿಮಿಷ.

ಎರಡು ಶಿಫ್ಟಿನಲ್ಲಿ, ಸೆಟ್ಟಿಂಗು ಮತ್ತು ರಿಪೇರಿ ಕಳೆದು, ತಿಂಗಳಿಗೆ 340 ಗಂಟೆ ಕೈಗೆ ಸಿಗುತ್ತದೆ. ರಾತ್ರಿ ಶಿಫ್ಟಿಗೆ ಆಪರೇಟರ್ ಹುಡುಕಿದೆವು, ಸಿಗಲಿಲ್ಲ. ಬೇಕಿದ್ದದ್ದು 400 ಗಂಟೆ: ಬ್ರ್ಯಾಕೆಟ್ 1200ಕ್ಕೆ 100 ಗಂಟೆ, ಫ್ಲ್ಯಾಂಜ್ 1000ಕ್ಕೆ 150, ವಾಲ್ವ್ ಬಾಡಿ 300ಕ್ಕೆ 150. ಅಂದರೆ 60 ಗಂಟೆ ಕೊರತೆ.

ಓನರ್‌ಗೆ ವಾಲ್ವ್ ಬಾಡಿ ಮೇಲೆ ಪ್ರೀತಿ. ಮಾರುವ ಬೆಲೆಯಲ್ಲಿ ಬದಲಾಗುವ ಖರ್ಚು ಕಳೆದರೆ ಒಂದಕ್ಕೆ 480 ಉಳಿಯುತ್ತದೆ. ಫ್ಲ್ಯಾಂಜಿಗೆ 180, ಬ್ರ್ಯಾಕೆಟಿಗೆ ಬರೀ 120. "ಮೊದಲು ವಾಲ್ವ್ ಬಾಡಿ ಮುಗಿಸೋಣ" ಅಂದರು. ಆದರೆ ವಾಲ್ವ್ ಬಾಡಿಗೆ ಅರ್ಧ ಗಂಟೆ ಬೇಕು, ಬ್ರ್ಯಾಕೆಟಿಗೆ 5 ನಿಮಿಷ ಸಾಕು. ಗಂಟೆಗೆ ಲೆಕ್ಕ ಹಾಕಿದರೆ ಬ್ರ್ಯಾಕೆಟ್ 1440 ದುಡಿಯುತ್ತದೆ, ಫ್ಲ್ಯಾಂಜ್ 1200, ವಾಲ್ವ್ ಬಾಡಿ 960. ಸಾಲು ಪೂರ್ತಿ ತಲೆಕೆಳಗಾಯಿತು. ಹೊರಗೆ ಯಾರೂ ಸಿಗದಿದ್ದರೆ ಬ್ರ್ಯಾಕೆಟ್, ಫ್ಲ್ಯಾಂಜ್ ಪೂರ್ತಿ ಮಾಡಿ, ಉಳಿದ 90 ಗಂಟೆಯಲ್ಲಿ 180 ವಾಲ್ವ್ ಬಾಡಿ ಮಾಡಬೇಕು. 120 ವಾಲ್ವ್ ಬಾಡಿ ಕೈಬಿಟ್ಟಂತೆ, ಅಂದರೆ 57,600 ರೂಪಾಯಿ.

ಆದರೆ ಹೊರಗೆ ಮಾಡುವವರು ಇದ್ದರು. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವುತ್ತಿದ್ದೆ. ಗಂಟೆಗೆ ಕಮ್ಮಿ ದುಡಿಯುವುದು ವಾಲ್ವ್ ಬಾಡಿ, ಹಾಗಾದರೆ ಅದನ್ನೇ ಹೊರಗೆ ಕಳಿಸೋಣ ಅನ್ನಿಸುತ್ತದೆ. ಅದು ಬೇರೆ ಪ್ರಶ್ನೆಯ ಉತ್ತರ. ಹೊರಗೆ ಕೊಟ್ಟರೂ ಕಸ್ಟಮರ್‌ಗೆ ಮಾಲು ಹೋಗುತ್ತದೆ, ಬೆಲೆ ಬರುತ್ತದೆ. ಕಳೆದುಕೊಳ್ಳುವುದು ಹೆಚ್ಚುವರಿ ಖರ್ಚು ಮಾತ್ರ. ಹಾಗಾಗಿ ಕೇಳಬೇಕಾದದ್ದು: ನನ್ನ ವಿಎಂಸಿಯ ಒಂದು ಗಂಟೆ ಬಿಡಿಸಿಕೊಳ್ಳಲು ಯಾವ ಪೀಸ್ ಕಳಿಸಿದರೆ ಅಗ್ಗ?

ಅಂದ್ರಹಳ್ಳಿಯವರು ಫ್ಲ್ಯಾಂಜ್ ಮತ್ತು ವಾಲ್ವ್ ಬಾಡಿಗೆ ರೇಟು ಕೊಟ್ಟರು, ಲಗ್ಗೆರೆಯ ಇನ್ನೊಬ್ಬರು ಬ್ರ್ಯಾಕೆಟಿಗೆ. ನಮ್ಮ ಖರ್ಚಿಗಿಂತ ವಾಲ್ವ್ ಬಾಡಿಗೆ 200 ಜಾಸ್ತಿ, ಫ್ಲ್ಯಾಂಜಿಗೆ ಅದೇ 45, ಬ್ರ್ಯಾಕೆಟಿಗೆ 30. ಕಣ್ಣಿಗೆ ಬ್ರ್ಯಾಕೆಟ್ ಅಗ್ಗ. ಆದರೆ ಒಂದು ಗಂಟೆ ಬಿಡಿಸಲು 12 ಬ್ರ್ಯಾಕೆಟ್ ಕಳಿಸಬೇಕು, 360 ರೂಪಾಯಿ ಬೀಳುತ್ತದೆ. ವಾಲ್ವ್ ಬಾಡಿಯಲ್ಲಿ 400. ಫ್ಲ್ಯಾಂಜಿನಲ್ಲಿ 300. ಹೋದ ವರ್ಷ ನಮಗೆ ನಷ್ಟ ಮಾಡಿದ ಅದೇ ಫ್ಲ್ಯಾಂಜ್, ಅದೇ ರೇಟು, ಈ ತಿಂಗಳು ಹೊರಗೆ ಕೊಡಲು ಸರಿಯಾದ ಮಾಲು.

400 ಫ್ಲ್ಯಾಂಜ್ ಕಳಿಸಿದೆವು. 18,000 ಜಾಸ್ತಿ ಖರ್ಚು. ಸಿಕ್ಕ 60 ಗಂಟೆಯಲ್ಲಿ 120 ವಾಲ್ವ್ ಬಾಡಿ ಬಂತು. ಕಳೆದು ನೋಡಿದರೆ 39,600 ಲಾಭ.

ಈ ಲೆಕ್ಕ ನಿಂತಿರುವುದು ರಿಜೆಕ್ಷನ್ ಮೇಲೆ. ಅವರ ಕಡೆ 100ಕ್ಕೆ 1 ಹಾಳಾಗುತ್ತದೆ ಅಂತ 2 ರೂಪಾಯಿ ಹಿಡಿದಿದ್ದೆ. ಹಾಳಾದದ್ದಕ್ಕೆ ಜಾಬ್ ವರ್ಕ್ ದುಡ್ಡು ಕೊಡುವುದಿಲ್ಲ, ಆದರೆ 200 ರೂಪಾಯಿಯ ಕ್ಯಾಸ್ಟಿಂಗ್ ನಮ್ಮದೇ. ಅದು 100ಕ್ಕೆ 6 ಆದರೆ ಹೆಚ್ಚುವರಿ ಖರ್ಚು 55 ಆಗುತ್ತದೆ, ಗಂಟೆಗೆ 367. ಆಗ ಬ್ರ್ಯಾಕೆಟ್ ಕಳಿಸುವುದೇ ಅಗ್ಗ. ಅದಕ್ಕೇ ಪ್ರತಿ ಲಾಟ್ ಬಂದಾಗ ರಿಜೆಕ್ಟ್ ಎಣಿಸಿ, ಚಲನ್ ಹಿಂದೆ ಬರೆಸುತ್ತೇನೆ.

ಅದೇ ವಾರ ಬೊಮ್ಮಸಂದ್ರದ ಒಬ್ಬ ಕಸ್ಟಮರ್ 200 ಬೇರಿಂಗ್ ಹೌಸಿಂಗ್ ಕೇಳಿಕೊಂಡು ಬಂದರು. ಒಂದೇ ಸಲದ ಆರ್ಡರ್, ಬೆಲೆ 690. ನಮ್ಮ ಹಳೇ ಶೀಟಿನಲ್ಲಿ 720 ಬಿತ್ತು. "ನಷ್ಟಕ್ಕೆ ಯಾಕೆ ಮಾಡಬೇಕು, ಬೇಡ ಅಂದುಬಿಡಿ" ಅಂದರು ಓನರ್. ಅರ್ಧ ದಿನ ಟೈಮು ಕೇಳಿದೆ.

ಬದಲಾಗುವ ಖರ್ಚು ಒಂದಕ್ಕೆ 480. ಪೀಸನ್ನು ಮಷೀನಿನಲ್ಲಿ ಹಿಡಿದಿಡುವ ಹೊಸ ಫಿಕ್ಸ್ಚರ್ 9,000, ಹಂಚಿದರೆ 45. ಮಷೀನ್ ಖಾಲಿ ಇದ್ದಿದ್ದರೆ 525ರ ಮೇಲೆ ಬಂದದ್ದೆಲ್ಲಾ ಲಾಭ. ಖಾಲಿ ಇರಲಿಲ್ಲ. ಒಂದಕ್ಕೆ 24 ನಿಮಿಷ, 200ಕ್ಕೆ 80 ಗಂಟೆ. ಈ ಗಂಟೆಗೆ ಏನು ಬೆಲೆ? ನಾನು ಹಂಚಿದ 600 ಅಲ್ಲ. ವಾಲ್ವ್ ಬಾಡಿ ದುಡಿಯುವ 960 ಕೂಡ ಅಲ್ಲ, ಯಾಕೆಂದರೆ ಅದನ್ನು ನಾವು ಬಿಡಬೇಕಾಗಿಲ್ಲ. ಇನ್ನೊಂದಿಷ್ಟು ಗಂಟೆ ಬಿಡಿಸಿಕೊಳ್ಳಲು ಏನು ಖರ್ಚಾಗುತ್ತದೋ ಅದೇ ಬೆಲೆ. ಅಂದ್ರಹಳ್ಳಿಯವರು ತಿಂಗಳಿಗೆ 600 ಫ್ಲ್ಯಾಂಜ್ ಮಾತ್ರ ಮಾಡಬಲ್ಲರು. ಇನ್ನೂ 200 ಕೊಟ್ಟರೆ 30 ಗಂಟೆ, 9,000 ರೂಪಾಯಿ. ಉಳಿದ 50 ಗಂಟೆಗೆ 600 ಬ್ರ್ಯಾಕೆಟ್ ಲಗ್ಗೆರೆಗೆ, 18,000. ಒಟ್ಟು 27,000, ಹೌಸಿಂಗ್ ಒಂದಕ್ಕೆ 135. ಹಾಗಾಗಿ ನಮ್ಮ ಕಟ್ಟಕಡೆಯ ಬೆಲೆ 660. 690ಕ್ಕೆ ಒಪ್ಪಿದರೆ ನಷ್ಟ ಇಲ್ಲ, 6,000 ಉಳಿಯುತ್ತದೆ.

ಆದರೂ ನನಗೆ ಸಮಾಧಾನ ಆಗಲಿಲ್ಲ. ಎರಡು ಕಡೆ ಮಾಲು ಓಡಾಡಿಸಿ, ಅಷ್ಟು ರಿಸ್ಕ್ ತಗೊಂಡು 6,000 ತೀರಾ ಕಡಿಮೆ. ಒಂದು ಲಾಟ್ ಹಾಳಾದರೆ ಅದೂ ಹೋಯಿತು. ಮುಂದಿನ ತಿಂಗಳ ಶೆಡ್ಯೂಲ್ ತೆಗೆದು ನೋಡಿದೆ. ವಾಲ್ವ್ ಬಾಡಿ ಕಮ್ಮಿ ಇತ್ತು, ವಿಎಂಸಿಯಲ್ಲಿ 70 ಗಂಟೆ ಖಾಲಿ. ಅಲ್ಲಿ ಗಂಟೆಗೆ ಬೆಲೆಯೇ ಇಲ್ಲ.

ಕಸ್ಟಮರ್‌ಗೆ ಫೋನ್ ಮಾಡಿ ಬೆಲೆಯ ಮಾತೇ ಎತ್ತಲಿಲ್ಲ. "ಸರ್, 200 ಒಂದೇ ಸಲ ಬೇಕಾ?" ಅಂತ ಕೇಳಿದೆ. ಅವರ ಅಸೆಂಬ್ಲಿಗೆ ಮೊದಲು 100 ಸಾಕಾಗಿತ್ತು. ಈ ತಿಂಗಳು 100, ಮುಂದಿನ ತಿಂಗಳು 100 ಅಂತ ಆಯಿತು. ಈಗ ಬಿಡಿಸಬೇಕಾದದ್ದು 40 ಗಂಟೆ: 200 ಫ್ಲ್ಯಾಂಜಿಗೆ 9,000, 120 ಬ್ರ್ಯಾಕೆಟಿಗೆ 3,600. ಹೌಸಿಂಗಿನಿಂದ ಬಂದ 42,000ದಲ್ಲಿ ಇದನ್ನೂ ಫಿಕ್ಸ್ಚರನ್ನೂ ಕಳೆದರೆ 20,400 ಉಳಿಯಿತು. ಬೆಲೆ ಅದೇ 690.

ಈಗ ವಿಎಂಸಿ ಪಕ್ಕದ ಬೋರ್ಡಿನಲ್ಲಿ ಪ್ರತಿ ತಿಂಗಳ 1ನೇ ತಾರೀಖು ಒಂದು ಅಂಕಿ ಬರೆಯುತ್ತೇನೆ. ಈ ತಿಂಗಳ ಗಂಟೆಯ ಬೆಲೆ. ಆ ತಿಂಗಳು 360 ಅಂತ ಇತ್ತು. ಮುಂದಿನ ತಿಂಗಳು ಸೊನ್ನೆ ಬರೆದೆ. ಓನರ್ ನೋಡಿ, ಅಂದ್ರಹಳ್ಳಿಗೆ ಹೊರಟಿದ್ದ ಟೆಂಪೋ ನಿಲ್ಲಿಸಿ, ಫ್ಲ್ಯಾಂಜ್ ಕ್ಯಾಸ್ಟಿಂಗ್ ಒಳಗೆ ಇಳಿಸಿಕೊಂಡರು.