ಸ್ನಾನದ ಮನೆಯ ಕನ್ನಡಿ ಲೈಟ್ ಮಿಣುಕುತ್ತಿತ್ತು: ನನ್ನ ಅನುಭವ

ರಾಯಚೂರಿನ ನಮ್ಮ ಮನೆಯಲ್ಲಿ 2×3 ಅಡಿ ಕನ್ನಡಿಯ ಹಿಂದೆ ಎಲ್‌ಇಡಿ ಸ್ಟ್ರಿಪ್ ಹಾಕಿಸಿದ್ದೆ. ಬಿಸಿನೀರು ಸ್ನಾನ ಆದ ಮೇಲೆ ಲೈಟ್ ಮಿಣುಕುತ್ತಿತ್ತು, ಅರ್ಧ ಗಂಟೆ ಬಿಟ್ಟು ಸರಿಯಾಗುತ್ತಿತ್ತು.

230 ವೋಲ್ಟನ್ನು ಸ್ಟ್ರಿಪ್‌ಗೆ ಬೇಕಾದ 12 ವೋಲ್ಟ್‌ಗೆ ಇಳಿಸುವ ಡ್ರೈವರ್ ಎರಡು ಸಲ ಬದಲಿಸಿದೆ, ಪ್ರಯೋಜನ ಇಲ್ಲ. ಹಬೆ ಒಳಗೆ ಹೋಗದಿರಲಿ ಎಂದು ಡ್ರೈವರ್ ಸುತ್ತ ಸಿಲಿಕಾನ್ ಮೆತ್ತಿದೆ. ಅದು ಬಿಸಿಯಾಗಿ ಇನ್ನೂ ಬೇಗ ಹೋಯಿತು. ಬಿಚ್ಚಿ ನೋಡಿದರೆ ಒಳಗೆ ತುಕ್ಕು. ಹಬೆ ಕನ್ನಡಿ ಹಿಂದೆಯೇ ನಿಲ್ಲುತ್ತೆ ಅಲ್ವಾ!

ಕೊನೆಗೆ ಡ್ರೈವರನ್ನೇ ಹೊರಗೆ ತಂದೆ. ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿದೆವು. 230 ವೋಲ್ಟ್ ಕೆಲಸ ಎಲೆಕ್ಟ್ರೀಷಿಯನ್ ಮಾಡಿದರು, ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಇರುವ ಲೈನಿನಿಂದ. ಬಾಗಿಲ ಹೊರಗೆ, ಗಾಳಿ ಆಡುವ ಬಾಕ್ಸಿನಲ್ಲಿ 12 ವೋಲ್ಟ್, 40 ವ್ಯಾಟ್ ಐಸೊಲೇಟೆಡ್ ಡ್ರೈವರ್, ಅಂದರೆ 230 ವೋಲ್ಟ್ ಭಾಗದಿಂದ 12 ವೋಲ್ಟ್ ಭಾಗ ಪೂರ್ತಿ ಬೇರೆ ಇರುವಂಥದ್ದು, ಕೂರಿಸಿದೆವು. ಸ್ಟ್ರಿಪ್ 3 ಮೀಟರ್, ಮೀಟರಿಗೆ 9.6 ವ್ಯಾಟ್, ಅಂದರೆ 29 ವ್ಯಾಟ್. ಹಾಗಾಗಿ ಡ್ರೈವರ್‌ಗೆ ಭಾರ ಆಗಲ್ಲ. ಒಳಗೆ ಹೋಗುವುದು 12 ವೋಲ್ಟ್ ಮಾತ್ರ, 4 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರ್. ತೆಳು ವೈರ್ ಹಾಕಿದರೆ ಬೆಳಕು ಮಂಕಾಗುತ್ತೆ.

ಸ್ಟ್ರಿಪ್ ಐಪಿ65, ಅಂದರೆ ನೀರು ಚಿಮ್ಮಿದರೂ ತಡೆಯುತ್ತೆ. ಆದರೆ ಕತ್ತರಿಸಿದ ತುದಿಗೆ ಆ ರೇಟಿಂಗ್ ಉಳಿಯಲ್ಲ. ಬೆಸುಗೆ ಹಾಕಿ, ಎಂಡ್ ಕ್ಯಾಪ್ ತೊಡಿಸಿ, ನ್ಯೂಟ್ರಲ್ ಸಿಲಿಕಾನ್ ತುಂಬಿ ಒಂದು ದಿನ ಒಣಗಲು ಬಿಡಬೇಕು. ವಿನೆಗರ್ ವಾಸನೆಯ ಸಿಲಿಕಾನ್ ಬೇಡ, ತಾಮ್ರವನ್ನೂ ಕನ್ನಡಿಯ ಹಿಂಬದಿಯನ್ನೂ ತಿನ್ನುತ್ತೆ.